ಐಗನ್ ಬೆಲೆ ಮರುಕಳಿಸಿದಾಗ: ಮ್ಯಾಟ್ರಿಕ್ಸ್ ಎಕ್ಸ್‌ಪೊನೆನ್ಷಿಯಲ್‌ನಿಂದ ಸಮೀಕರಣ ಬಿಡಿಸುವುದು

ಎರಡು ತೊಟ್ಟಿಗಳಿವೆ. ಒಂದೊಂದರಲ್ಲೂ 100 ಲೀಟರ್ ನೀರು. ಮೊದಲ ತೊಟ್ಟಿಗೆ ನಿಮಿಷಕ್ಕೆ 10 ಲೀಟರ್ ಸಿಹಿನೀರು ಬರುತ್ತದೆ, ಅಷ್ಟೇ ನೀರು ಅಲ್ಲಿಂದ ಎರಡನೆಯದಕ್ಕೆ ಹರಿಯುತ್ತದೆ, ಎರಡನೆಯದರಿಂದ ಅಷ್ಟೇ ನೀರು ಚರಂಡಿಗೆ ಹೋಗುತ್ತದೆ. ಶುರುವಿನಲ್ಲಿ ಮೊದಲ ತೊಟ್ಟಿಯಲ್ಲಿ 1 ಕಿಲೋ ಉಪ್ಪು ಕರಗಿಸಿದ್ದೇವೆ. ಎರಡನೆಯದರಲ್ಲಿ ಉಪ್ಪಿಲ್ಲ. ಯಾವ ಹೊತ್ತಿಗೆ ಯಾವ ತೊಟ್ಟಿಯಲ್ಲಿ ಎಷ್ಟು ಉಪ್ಪಿರುತ್ತದೆ?

ಪ್ರತಿ ನಿಮಿಷ ತೊಟ್ಟಿಯ ಹತ್ತನೇ ಒಂದು ಭಾಗ ನೀರು ಹೊರಗೆ ಹೋಗುತ್ತದೆ. ಲೆಕ್ಕ ಸುಲಭವಾಗಲಿ ಅಂತ ಹತ್ತು ನಿಮಿಷವನ್ನು ಕಾಲದ ಒಂದು ಘಟಕ ಎಂದು ಇಟ್ಟುಕೊಳ್ಳೋಣ. ಆಗ ಸಮೀಕರಣಗಳು ಹೀಗೆ:

```
x1' = -x1
x2' =  x1 - x2

A = [ -1   0 ]
    [  1  -1 ]
```

ಕಾಲೇಜಿನಲ್ಲಿ ಕಲಿಸುವ ಮಾಮೂಲಿ ದಾರಿ ಗೊತ್ತಿರಬಹುದು. A ಮ್ಯಾಟ್ರಿಕ್ಸ್‌ನ ಐಗನ್ ಬೆಲೆಗಳನ್ನು ಹುಡುಕಬೇಕು, ಒಂದೊಂದಕ್ಕೂ ಐಗನ್ ವೆಕ್ಟರ್ ಹುಡುಕಬೇಕು, ಆಮೇಲೆ ಉತ್ತರವನ್ನು c1·e^(λ1 t)·v1 + c2·e^(λ2 t)·v2 ಎಂದು ಬರೆಯಬೇಕು. ಇಲ್ಲಿ ಅದು ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಐಗನ್ ಬೆಲೆ -1, ಅದೂ ಎರಡು ಸಲ. ವೆಕ್ಟರ್ ಹುಡುಕಲು ಹೋದರೆ (0, 1) ಒಂದೇ ಸಿಗುತ್ತದೆ, ಇಲ್ಲವೇ ಅದರದೇ ಗುಣಕಗಳು. ಆ ಒಂದೇ ವೆಕ್ಟರ್‌ನಿಂದ (1, 0) ಎಂಬ ನಮ್ಮ ಶುರುವಿನ ಸ್ಥಿತಿಯನ್ನು ಕಟ್ಟಲು ಆಗುವುದೇ ಇಲ್ಲ.

ಹೀಗಾಗಲು ಕಾರಣ ತೊಟ್ಟಿಗಳಲ್ಲೇ ಇದೆ. ಐಗನ್ ವೆಕ್ಟರ್ ಎಂದರೆ ತೊಟ್ಟಿಗಳ ನಡುವಿನ ಪ್ರಮಾಣ ಬದಲಾಗದೆ ಒಟ್ಟು ಮಾತ್ರ ಕರಗುತ್ತಾ ಹೋಗುವ ಸ್ಥಿತಿ. ಉಪ್ಪೆಲ್ಲ ಎರಡನೆಯ ತೊಟ್ಟಿಯಲ್ಲಿದ್ದರೆ ಹಾಗೆ ಆಗುತ್ತದೆ, ಅದು e^(-t) ಪ್ರಕಾರ ಸುಮ್ನೆ ಕಡಿಮೆಯಾಗುತ್ತದೆ. ಆದರೆ ಮೊದಲ ತೊಟ್ಟಿಯಲ್ಲಿ ಚೂರು ಉಪ್ಪಿದ್ದರೂ ಅದು ಎರಡನೆಯದಕ್ಕೆ ಇಳಿಯುತ್ತದೆ, ಪ್ರಮಾಣ ಕೆಡುತ್ತದೆ. ಎರಡೂ ಒಂದೇ ವೇಗದಲ್ಲಿ ಖಾಲಿಯಾಗುವುದರಿಂದ ಕೆಟ್ಟ ಪ್ರಮಾಣ ಮತ್ತೆ ಒಂದು ನೆಲೆಗೆ ಬರುವುದೂ ಇಲ್ಲ.

ಇಂಥ ಕಡೆ ಬಹಳ ಪುಸ್ತಕಗಳು ಜನರಲೈಸ್ಡ್ ಐಗನ್ ವೆಕ್ಟರ್, ಜೋರ್ಡಾನ್ ರೂಪ ಅಂತ ದೊಡ್ಡ ಸಾಮಗ್ರಿಯನ್ನೇ ಹೊರಗೆ ತೆಗೆಯುತ್ತವೆ. ಅದು ಸರಿಯಾದ ದಾರಿಯೇ. ಆದರೆ ಬರೀ ಉತ್ತರ ಬೇಕಾದವರಿಗೆ ಅಷ್ಟು ಬೇಕಾಗಿಲ್ಲ. ಮ್ಯಾಟ್ರಿಕ್ಸ್ ಎಕ್ಸ್‌ಪೊನೆನ್ಷಿಯಲ್ ಹಿಡಿದುಕೊಂಡರೆ ಒಂದು ವೆಕ್ಟರ್ ಅನ್ನೂ ಹುಡುಕದೆ ಮುಗಿಸಬಹುದು.

## ಸರಣಿ ತಾನೇ ನಿಲ್ಲುತ್ತದೆ

x' = ax ಎಂಬ ಒಂಟಿ ಸಮೀಕರಣದ ಉತ್ತರ e^(at)·x(0). ಸಮೀಕರಣಗಳ ಗುಂಪಿಗೂ ಅದೇ ರೂಪ. X' = AX ಆದರೆ X(t) = e^(At)·X(0). ಇಲ್ಲಿ e^(At) ಎಂದರೆ ಒಂದು ಮ್ಯಾಟ್ರಿಕ್ಸ್. ಅದರ ಅರ್ಥ ಮಾಮೂಲಿ ಸರಣಿಯೇ:

```
e^(At) = I + At + A²t²/2! + A³t³/3! + ...
```

ಈ ಸರಣಿಯನ್ನು t ಗೆ ಅವಕಲಿಸಿದರೆ A ಹೊರಗೆ ಬಂದು ಉಳಿದದ್ದು ಅದೇ ಸರಣಿಯಾಗುತ್ತದೆ. ಹಾಗಾಗಿ ಅದು ಉತ್ತರ ಎನ್ನುವುದರಲ್ಲಿ ಅನುಮಾನವಿಲ್ಲ. ಕಷ್ಟ ಇರುವುದು ಕೊನೆಯಿಲ್ಲದ ಆ ಮೊತ್ತವನ್ನು ಕೈಯಲ್ಲಿ ಹೇಗೆ ಮಾಡುವುದು ಎನ್ನುವಲ್ಲಿ.

ಐಗನ್ ಬೆಲೆ ಮರುಕಳಿಸಿದಾಗ ಅದು ಸುಲಭವಾಗುತ್ತದೆ. ನಾವು ತೊಂದರೆ ಎಂದುಕೊಂಡದ್ದೇ ಇಲ್ಲಿ ಅನುಕೂಲಕ್ಕೆ ಬರುತ್ತದೆ. A ಗೆ ಒಂದೇ ಒಂದು ಐಗನ್ ಬೆಲೆ λ ಇದೆ ಎಂದುಕೊಳ್ಳಿ. A ಯನ್ನು ಎರಡು ಭಾಗ ಮಾಡೋಣ:

```
A = λI + N,   N = A - λI
```

λI ಎಲ್ಲ ಮ್ಯಾಟ್ರಿಕ್ಸ್ ಜೊತೆಗೂ ಗುಣಾಕಾರದ ಕ್ರಮ ಬದಲಿಸಿಕೊಳ್ಳುತ್ತದೆ. ಅಂದರೆ λI·N ಮತ್ತು N·λI ಒಂದೇ. ಹೀಗಿದ್ದಾಗ ಮಾತ್ರ ಎಕ್ಸ್‌ಪೊನೆನ್ಷಿಯಲ್ ಅನ್ನು ಎರಡು ತುಂಡು ಮಾಡಿ ಗುಣಿಸಬಹುದು. ಈ ಷರತ್ತನ್ನು ನೆನಪಿಡಿ, ಮುಂದೆ ಇದೇ ಜಾಗದಲ್ಲಿ ಒಂದು ದೊಡ್ಡ ತಪ್ಪು ನಡೆಯುತ್ತದೆ.

ಈಗ N ಕಡೆ ನೋಡಿ. ಕೇಲಿ-ಹ್ಯಾಮಿಲ್ಟನ್ ಪ್ರಮೇಯದ ಪ್ರಕಾರ ಪ್ರತಿ ಮ್ಯಾಟ್ರಿಕ್ಸ್ ತನ್ನದೇ ಲಕ್ಷಣ ಸಮೀಕರಣವನ್ನು ಪಾಲಿಸುತ್ತದೆ. n×n ಮ್ಯಾಟ್ರಿಕ್ಸ್‌ಗೆ λ ಒಂದೇ ಐಗನ್ ಬೆಲೆಯಾದರೆ (A - λI)ⁿ = 0, ಅಂದರೆ Nⁿ = 0. N ನ ಘಾತಗಳು n ತಲುಪುವಷ್ಟರಲ್ಲಿ ಸೊನ್ನೆಯಾಗಿಬಿಡುತ್ತವೆ. ಕೊನೆಯಿಲ್ಲದ ಸರಣಿಯಲ್ಲಿ ಉಳಿಯುವುದು ಹೆಚ್ಚೆಂದರೆ n ಪದಗಳು:

```
e^(At) = e^(λt) · ( I + Nt + N²t²/2! + ... + Nⁿ⁻¹tⁿ⁻¹/(n-1)! )
```

ತೊಟ್ಟಿಗಳಿಗೆ ಇದನ್ನು ಹಾಕಿ. λ = -1, ಆದ್ದರಿಂದ N = A + I. ಅದರಲ್ಲಿ ಕೆಳಗಿನ ಎಡ ಮೂಲೆಯ 1 ಬಿಟ್ಟರೆ ಎಲ್ಲ ಸೊನ್ನೆ, N² = 0.

```
e^(At) = e^(-t) · [ 1  0 ]
                  [ t  1 ]
```

ಶುರುವಿನ ಸ್ಥಿತಿ (1, 0) ಗೆ ಗುಣಿಸಿದರೆ x1 = e^(-t), x2 = t·e^(-t). ಮುಗಿಯಿತು.

ಆ t ಎಲ್ಲಿಂದ ಬಂತು ಎಂದು ಒಂದು ಗಳಿಗೆ ನಿಂತು ನೋಡುವುದು ಒಳ್ಳೆಯದು, ಯಾಕೆಂದರೆ "ಬೇರುಗಳು ಸಮನಾದರೆ t ಯಿಂದ ಗುಣಿಸಿ" ಎಂದು ಬಾಯಿಪಾಠ ಮಾಡಿದವರೇ ಜಾಸ್ತಿ. ತೊಟ್ಟಿಗಳ ವೇಗ ಒಂದಿಷ್ಟು ಬೇರೆ ಇದ್ದಿದ್ದರೆ, ಅಂದರೆ ಮೊದಲನೆಯದಕ್ಕೆ 1, ಎರಡನೆಯದಕ್ಕೆ 1 + ε ಇದ್ದಿದ್ದರೆ, ಮಾಮೂಲಿ ದಾರಿಯಲ್ಲೇ ಉತ್ತರ ಸಿಗುತ್ತಿತ್ತು:

```
x2 = ( e^(-t) - e^(-(1+ε)t) ) / ε
```

ಇದರಲ್ಲಿ ε ಯನ್ನು ಸೊನ್ನೆಯ ಕಡೆಗೆ ತಳ್ಳಿದರೆ ಮೇಲೆ ಕೆಳಗೆ ಎರಡೂ ಸೊನ್ನೆಯಾಗುತ್ತವೆ, ಮಿತಿಯಲ್ಲಿ ಉಳಿಯುವುದು t·e^(-t). ಹತ್ತಿರ ಹತ್ತಿರ ಇರುವ ಎರಡು ಎಕ್ಸ್‌ಪೊನೆನ್ಷಿಯಲ್‌ಗಳ ವ್ಯತ್ಯಾಸವೇ t ಆಗಿ ಕಾಣಿಸಿಕೊಂಡಿದೆ. ಹಾಗಾಗಿ ಇದು ಬೇರೆ ಜಾತಿಯ ಉತ್ತರವಲ್ಲ, ಮಾಮೂಲಿ ಉತ್ತರದ ಮಿತಿ.

ಎರಡನೆಯ ತೊಟ್ಟಿಯ ಉಪ್ಪು ಮೊದಲು ಏರಿ ಆಮೇಲೆ ಇಳಿಯುತ್ತದೆ. t = 1 ರಲ್ಲಿ, ಅಂದರೆ ಹತ್ತನೇ ನಿಮಿಷಕ್ಕೆ, ಅದು ತುದಿ ಮುಟ್ಟುತ್ತದೆ. ಆಗ ಅದರಲ್ಲಿ ಸುಮಾರು 368 ಗ್ರಾಂ ಉಪ್ಪು. ಅದೇ ಹೊತ್ತಿಗೆ ಮೊದಲ ತೊಟ್ಟಿಯಲ್ಲೂ 368 ಗ್ರಾಂ ಇರುತ್ತದೆ. ಇದು ಕಾಕತಾಳೀಯವಲ್ಲ. x2' = x1 - x2 ಆದ್ದರಿಂದ ಏರಿಕೆ ನಿಲ್ಲುವುದು ಎರಡೂ ಸಮನಾದಾಗಲೇ.

## N ನಲ್ಲಿ ಸೊನ್ನೆ ಕಾಣದಿದ್ದರೂ

ತೊಟ್ಟಿಯ ಮ್ಯಾಟ್ರಿಕ್ಸ್ ತ್ರಿಕೋನಾಕಾರದ್ದು, ಹಾಗಾಗಿ N² = 0 ಎನ್ನುವುದು ಕಣ್ಣಿಗೇ ಕಾಣುತ್ತಿತ್ತು. ಎಲ್ಲ ಸಲ ಹಾಗಿರುವುದಿಲ್ಲ. 1 ಕಿಲೋ ತೂಕ, ಒಂದು ಸ್ಪ್ರಿಂಗ್, ಜೊತೆಗೆ ಓಲಾಟ ತಡೆಯುವ ಡ್ಯಾಂಪರ್ ಇರುವ ಸಮೀಕರಣ ತೆಗೆದುಕೊಳ್ಳಿ: x'' + 4x' + 4x = 0. ವೇಗಕ್ಕೆ v ಎಂದು ಹೆಸರಿಟ್ಟರೆ x' = v, v' = -4x - 4v.

```
A = [  0   1 ]      N = A + 2I = [  2   1 ]
    [ -4  -4 ]                   [ -4  -2 ]
```

ಲಕ್ಷಣ ಸಮೀಕರಣ (λ + 2)² = 0, ಹಾಗಾಗಿ -2 ಎರಡು ಸಲ. N ನಲ್ಲಿ ಒಂದೂ ಸೊನ್ನೆಯಿಲ್ಲ. ಆದರೂ ಅದನ್ನು ಅದರಿಂದಲೇ ಗುಣಿಸಿ ನೋಡಿ. ಮೊದಲ ಸಾಲಿನಲ್ಲಿ 2·2 + 1·(-4) = 0 ಮತ್ತು 2·1 + 1·(-2) = 0. ಎರಡನೇ ಸಾಲೂ ಹಾಗೆಯೇ. ಪ್ರಮೇಯ ಹೇಳಿದಂತೆ N² = 0. ಈ ಗುಣಾಕಾರವನ್ನು ಬಿಡದೆ ಮಾಡಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ. ಇಲ್ಲಿ ಸೊನ್ನೆ ಬರದಿದ್ದರೆ ಐಗನ್ ಬೆಲೆಯ ಲೆಕ್ಕದಲ್ಲೇ ತಪ್ಪಾಗಿದೆ ಎಂದು ಮುಂದೆ ಹೋಗುವ ಮೊದಲೇ ತಿಳಿಯುತ್ತದೆ.

```
e^(At) = e^(-2t) · [ 1+2t     t   ]
                   [ -4t    1-2t  ]
```

ಸ್ಪ್ರಿಂಗ್ ಅನ್ನು 1 ಘಟಕ ಎಳೆದು ಸುಮ್ನೆ ಬಿಟ್ಟರೆ x = (1 + 2t)·e^(-2t). ಇದು ಯಾವಾಗಲೂ ಸೊನ್ನೆಗಿಂತ ಮೇಲೆಯೇ ಇರುತ್ತದೆ, ತೂಕ ಮಧ್ಯದ ಬಿಂದುವನ್ನು ದಾಟುವುದೇ ಇಲ್ಲ. ಅದನ್ನೇ ಒಳಗಡೆಗೆ u ವೇಗದಲ್ಲಿ ತಳ್ಳಿಬಿಟ್ಟರೆ x = (1 + (2 - u)t)·e^(-2t). ಆಗ u ಎರಡಕ್ಕಿಂತ ಜಾಸ್ತಿ ಇದ್ದರೆ ತೂಕ ಒಂದು ಸಲ ದಾಟುತ್ತದೆ. ಎರಡು ಸಲ ದಾಟಲು ಸಾಧ್ಯವಿಲ್ಲ, ಯಾಕೆಂದರೆ ಆವರಣದ ಒಳಗೆ ಇರುವುದು t ಯ ಸರಳ ರೇಖೆ, ಅದು ಸೊನ್ನೆಯನ್ನು ಒಂದೇ ಸಲ ಮುಟ್ಟಬಲ್ಲದು. ಎಂಜಿನಿಯರುಗಳು ಕ್ರಿಟಿಕಲ್ ಡ್ಯಾಂಪಿಂಗ್ ಎಂದು ಕರೆಯುವುದು ಇದೇ ಸ್ಥಿತಿಯನ್ನು.

ಇಲ್ಲೊಂದು ಮಾತು. ಐಗನ್ ಬೆಲೆ ಮರುಕಳಿಸಿದ ಕೂಡಲೇ t ಬಂದೇ ಬರುತ್ತದೆ ಅಂತಲ್ಲ. N ತಾನೇ ಸೊನ್ನೆಯಾಗಿದ್ದರೆ, ಉದಾಹರಣೆಗೆ A = 3I ಆಗಿದ್ದರೆ, t ಗೆ ಜಾಗವೇ ಇಲ್ಲ. ಸಮಮಿತ ಮ್ಯಾಟ್ರಿಕ್ಸ್‌ಗಳಲ್ಲಿ ಬೆಲೆ ಎಷ್ಟು ಸಲ ಮರುಕಳಿಸಿದರೂ ಬೇಕಾದಷ್ಟು ಐಗನ್ ವೆಕ್ಟರ್ ಸಿಕ್ಕೇ ಸಿಗುತ್ತವೆ, t ಯ ಘಾತ ಬರುವುದಿಲ್ಲ. t ಬರುತ್ತದೋ ಇಲ್ಲವೋ ಎಂದು ಮೊದಲೇ ಊಹಿಸುವ ಅಗತ್ಯವಿಲ್ಲ. N ನ ಘಾತಗಳನ್ನು ಲೆಕ್ಕ ಹಾಕುತ್ತಾ ಹೋದರೆ ಅದೇ ಹೇಳುತ್ತದೆ.

## ಒಂದು ಬೆಲೆ ಎರಡು ಸಲ, ಇನ್ನೊಂದು ಬೇರೆ

ಈಗ ತೊಟ್ಟಿಗಳ ಸಾಲಿಗೆ ಮೂರನೆಯದೊಂದು ಸೇರಿಸೋಣ. ಇದು ಚಿಕ್ಕದು, 50 ಲೀಟರ್. ಎರಡನೆಯದರ ನೀರು ಚರಂಡಿಯ ಬದಲು ಇದಕ್ಕೆ ಬೀಳುತ್ತದೆ, ಇದರಿಂದ ಚರಂಡಿಗೆ. ಅದೇ ಹರಿವು, ಅರ್ಧ ನೀರು, ಹಾಗಾಗಿ ಇದು ಎರಡರಷ್ಟು ವೇಗದಲ್ಲಿ ಖಾಲಿಯಾಗುತ್ತದೆ.

```
A = [ -1   0   0 ]
    [  1  -1   0 ]
    [  0   1  -2 ]
```

ಐಗನ್ ಬೆಲೆಗಳು -1, -1, -2. ಈಗ A = λI + N ಎಂದು ಒಡೆಯಲು ಆಗುವುದಿಲ್ಲ, ಯಾಕೆಂದರೆ λ ಒಂದಲ್ಲ. ತಪ್ಪು ನಡೆಯುವುದು ಇಲ್ಲಿಯೇ. ಮ್ಯಾಟ್ರಿಕ್ಸ್ ತ್ರಿಕೋನಾಕಾರ ಇದೆಯಲ್ಲ, ಕರ್ಣದ ಭಾಗವನ್ನು D ಎನ್ನೋಣ, ಉಳಿದದ್ದನ್ನು N ಎನ್ನೋಣ, N³ = 0 ಇದ್ದೇ ಇದೆ, e^(Dt)·e^(Nt) ಲೆಕ್ಕ ಹಾಕಿದರೆ ಆಯಿತು ಎಂದು ಅನ್ನಿಸುತ್ತದೆ. ನೋಡಲು ಅಚ್ಚುಕಟ್ಟು, ಉತ್ತರ ಮಾತ್ರ ತಪ್ಪು. ಮೂರನೇ ಸಾಲು, ಎರಡನೇ ಕಂಬಸಾಲಿನ ಜಾಗದಲ್ಲಿ DN ನಲ್ಲಿ -2 ಬರುತ್ತದೆ, ND ಯಲ್ಲಿ -1. ಎರಡೂ ಬೇರೆ. ಆಗಲೇ ಹೇಳಿದ ಷರತ್ತು ಮುರಿದಿದೆ, ಹಾಗಾಗಿ ಎಕ್ಸ್‌ಪೊನೆನ್ಷಿಯಲ್ ಅನ್ನು ತುಂಡು ಮಾಡುವ ಹಾಗಿಲ್ಲ.

ಸರಿಯಾದ ದಾರಿಗಳು ಹಲವು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪುಟ್ಜರ್ 1966ರಲ್ಲಿ ಪ್ರಕಟಿಸಿದ ವಿಧಾನ. ಬೆಲೆ ಮರುಕಳಿಸಿದರೂ ಮರುಕಳಿಸದಿದ್ದರೂ ಅದರಲ್ಲಿ ಒಂದೇ ಹೆಜ್ಜೆಗಳು, ವೆಕ್ಟರ್ ಹುಡುಕುವ ಕೆಲಸ ಎಲ್ಲೂ ಇಲ್ಲ. ಐಗನ್ ಬೆಲೆಗಳನ್ನು ಎಷ್ಟು ಸಲ ಬಂದಿವೆಯೋ ಅಷ್ಟು ಸಲ ಸಾಲಾಗಿ ಬರೆಯಬೇಕು. ಆಮೇಲೆ ಒಂದೊಂದೇ (A - λI) ಯನ್ನು ಗುಣಿಸುತ್ತಾ ಮ್ಯಾಟ್ರಿಕ್ಸ್‌ಗಳನ್ನು ಕಟ್ಟಬೇಕು. ಜೊತೆಗೆ r1, r2, r3 ಎಂಬ ಮಾಮೂಲಿ ಫಂಕ್ಷನ್‌ಗಳನ್ನು ಒಂದರ ನಂತರ ಒಂದು ಬಿಡಿಸಬೇಕು.

```
e^(At) = r1·I + r2·P1 + r3·P2
P1 = A - λ1 I
P2 = (A - λ1 I)(A - λ2 I)

r1' = λ1 r1,        r1(0) = 1
r2' = λ2 r2 + r1,   r2(0) = 0
r3' = λ3 r3 + r2,   r3(0) = 0
```

r ಗಳ ಸಮೀಕರಣಗಳನ್ನು ಒಮ್ಮೆ ಗಮನಿಸಿ. ಅವೇ ಒಂದು ತೊಟ್ಟಿಗಳ ಸಾಲು, ಒಂದರ ಹೊರಹರಿವು ಇನ್ನೊಂದರ ಒಳಹರಿವು. A ಎಷ್ಟೇ ಗೋಜಲಾಗಿರಲಿ, ಪುಟ್ಜರ್ ಅದನ್ನು ಕೆಳಗಿನಿಂದ ಮೇಲಕ್ಕೆ ಏನೂ ಹರಿಯದ ಇಂಥ ಸಾಲಿಗೆ ಇಳಿಸಿಬಿಡುತ್ತಾನೆ.

ನಮ್ಮ ಲೆಕ್ಕಕ್ಕೆ -1, -1, -2 ಎಂಬ ಕ್ರಮ ಇಟ್ಟುಕೊಳ್ಳೋಣ. r1 = e^(-t). r2 ನಾವು ಆಗಲೇ ನೋಡಿದ ಎರಡನೇ ತೊಟ್ಟಿಯೇ, ಹಾಗಾಗಿ r2 = t·e^(-t). ಮೂರನೆಯದು r3' = -2·r3 + t·e^(-t). ಎರಡೂ ಕಡೆ e^(2t) ಯಿಂದ ಗುಣಿಸಿದರೆ (e^(2t)·r3)' = t·e^t. ಇದನ್ನು 0 ಯಿಂದ t ವರೆಗೆ ಅನುಕಲಿಸಿದರೆ e^(2t)·r3 = (t - 1)e^t + 1. ಅಂದರೆ

```
r3 = (t - 1)·e^(-t) + e^(-2t)
```

ಮ್ಯಾಟ್ರಿಕ್ಸ್‌ಗಳು:

```
P1 = A + I = [ 0  0   0 ]     P2 = (A + I)² = [ 0   0  0 ]
             [ 1  0   0 ]                     [ 0   0  0 ]
             [ 0  1  -1 ]                     [ 1  -1  1 ]
```

ಶುರುವಿನಲ್ಲಿ ಉಪ್ಪೆಲ್ಲ ಮೊದಲ ತೊಟ್ಟಿಯಲ್ಲಿದೆ. ಹಾಗಾಗಿ ನಮಗೆ ಬೇಕಿರುವುದು ಮೊದಲ ಕಂಬಸಾಲುಗಳು ಮಾತ್ರ, ಅವು (1,0,0), (0,1,0), (0,0,1). ಉತ್ತರ x1 = r1, x2 = r2, x3 = r3. ಕೊನೆಯ ಮೂಲೆಯನ್ನೂ ಒಮ್ಮೆ ನೋಡಿ: r1 - r2 + r3 ಎಂದರೆ e^(-t) - t·e^(-t) + (t - 1)e^(-t) + e^(-2t). ಎಲ್ಲ ಹೊಡೆದುಹೋಗಿ e^(-2t) ಉಳಿಯುತ್ತದೆ. ಮೂರನೇ ತೊಟ್ಟಿಯಲ್ಲಿ ಮಾತ್ರ ಉಪ್ಪಿದ್ದರೆ ಅದು ತನ್ನ ಪಾಡಿಗೆ ಖಾಲಿಯಾಗಬೇಕಲ್ವಾ, ಹಾಗೆಯೇ ಆಗಿದೆ.

## ತಪ್ಪು ಉತ್ತರ ಯಾವ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ

D ಮತ್ತು N ಎಂದು ಒಡೆದ ಆ ತಪ್ಪು ಲೆಕ್ಕದಲ್ಲಿ ಮೂರನೇ ತೊಟ್ಟಿಗೆ x3 = (t²/2)·e^(-2t) ಬರುತ್ತದೆ. 20ನೇ ನಿಮಿಷಕ್ಕೆ, ಅಂದರೆ t = 2 ರಲ್ಲಿ, ಅದು ಹೇಳುವುದು 37 ಗ್ರಾಂ. ಸರಿಯಾದ ಉತ್ತರ 154 ಗ್ರಾಂ. ನಾಲ್ಕು ಪಟ್ಟು ವ್ಯತ್ಯಾಸ. ಆದರೂ ನಾವು ಸಾಮಾನ್ಯವಾಗಿ ಮಾಡುವ ಪರೀಕ್ಷೆಗಳಲ್ಲಿ ಈ ತಪ್ಪು ಪಾಸಾಗಿಬಿಡುತ್ತದೆ.

t = 0 ಹಾಕಿದರೆ I ಬರುತ್ತದಾ? ತಪ್ಪು ಉತ್ತರದಲ್ಲೂ ಬರುತ್ತದೆ. t = 0 ಯಲ್ಲಿ ಅವಕಲಿಸಿದರೆ A ಬರುತ್ತದಾ? D + N ಬರುತ್ತದೆ, ಅದು A ಯೇ. ಡಿಟರ್ಮಿನೆಂಟ್ ಲೆಕ್ಕ ಹಾಕಿದರೆ e^(-4t) ಬರಬೇಕು, ಯಾಕೆಂದರೆ A ಯ ಕರ್ಣದ ಮೊತ್ತ -4. ಅದೂ ಬರುತ್ತದೆ. ಮೂರೂ ಪರೀಕ್ಷೆ ದಾಟಿದ ಉತ್ತರ ನಾಲ್ಕು ಪಟ್ಟು ತಪ್ಪು!

ಹಿಡಿಯುವ ಪರೀಕ್ಷೆ ಒಂದೇ, ಉತ್ತರವನ್ನು ಮೂಲ ಸಮೀಕರಣಕ್ಕೆ ಎಲ್ಲ t ಗೂ ಹಾಕಿ ನೋಡುವುದು. x3' + 2·x3 ಎನ್ನುವುದು x2 ಆಗಬೇಕು, ಅಂದರೆ t·e^(-t). ತಪ್ಪು ಉತ್ತರವನ್ನು ಹಾಕಿದರೆ t·e^(-2t) ಬರುತ್ತದೆ. ಅಲ್ಲಿ ಸಿಕ್ಕಿಬೀಳುತ್ತದೆ. ಪರೀಕ್ಷೆಯಲ್ಲಿ ಸಮಯವಿಲ್ಲದಿದ್ದರೆ ಒಂದು ಸಾಲಿಗಾದರೂ ಇದನ್ನು ಮಾಡಿ, ಅದೂ ಅತಿ ಜಾಸ್ತಿ ಪದಗಳಿರುವ ಸಾಲಿಗೆ.

## ಕಂಪ್ಯೂಟರಿಗೆ ಕೊಟ್ಟಾಗ

ಕೈಲೆಕ್ಕದಲ್ಲಿ "ಬೆಲೆ ಮರುಕಳಿಸಿದೆ" ಎನ್ನುವುದು ಹೌದು ಅಥವಾ ಇಲ್ಲ ಎನ್ನುವ ವಿಷಯ. ಕಂಪ್ಯೂಟರಿನಲ್ಲಿ ಹಾಗಲ್ಲ. ನಮ್ಮ ಮೊದಲ ಎರಡು ತೊಟ್ಟಿಯ ಮ್ಯಾಟ್ರಿಕ್ಸ್‌ನಲ್ಲಿ ಮೇಲಿನ ಬಲ ಮೂಲೆಯ 0 ಬದಲು ದುಂಡುಮಾಡುವಾಗಿನ ದೋಷದಿಂದ 10⁻¹⁶ ಬಂತು ಎಂದುಕೊಳ್ಳಿ. ಐಗನ್ ಬೆಲೆಗಳು -1 ± √(10⁻¹⁶), ಅಂದರೆ -1 ± 10⁻⁸ ಆಗುತ್ತವೆ. ಹದಿನಾರನೇ ದಶಮಾಂಶದ ದೋಷ ಎಂಟನೆಯದಕ್ಕೆ ಏರಿತು. -0.99999999 ಮತ್ತು -1.00000001 ಥರದ ಜೋಡಿ ಪರದೆಯ ಮೇಲೆ ಕಂಡರೆ, ಅದರ ಹಿಂದೆ ಮರುಕಳಿಸಿದ ಬೆಲೆ ಇರಬಹುದು ಎಂದು ಅನುಮಾನಿಸಬೇಕು. ಅದನ್ನು ಎರಡು ಬೇರೆ ಬೆಲೆ ಎಂದೇ ನಂಬಿ ಮಾಮೂಲಿ ಸೂತ್ರ ಬಳಸಿದರೆ ಎರಡೂ ವೆಕ್ಟರ್ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಇರುತ್ತವೆ, c1 ಮತ್ತು c2 ಗಳು ಕೋಟಿಗಟ್ಟಲೆ ದೊಡ್ಡದಾಗುತ್ತವೆ. ಅಷ್ಟು ದೊಡ್ಡ ಎರಡು ಸಂಖ್ಯೆಗಳನ್ನು ಕಳೆದು ಒಂದಕ್ಕಿಂತ ಚಿಕ್ಕ ಉತ್ತರ ತೆಗೆಯುವಾಗ ಅರ್ಧದಷ್ಟು ಅಂಕಿಗಳು ಕಳೆದುಹೋಗುತ್ತವೆ. ಮೇಲೆ ನೋಡಿದ ε ಸೂತ್ರವೇ ಇದು, ಭಾಗಿಸುವ ε ಅತಿ ಚಿಕ್ಕದಾಗಿದೆ ಅಷ್ಟೇ.

ಪುಟ್ಜರ್ ವಿಧಾನಕ್ಕೂ ಐಗನ್ ಬೆಲೆ ಬೇಕು, ಹಾಗಾಗಿ ಅದು ಕೈಲೆಕ್ಕಕ್ಕೆ ಚೆನ್ನ. ಸಂಖ್ಯೆಗಳ ಲೆಕ್ಕಕ್ಕೆ ಐಗನ್ ಬೆಲೆಯನ್ನೇ ಕೇಳದ ವಿಧಾನ ಬೇಕು. ಎಕ್ಸ್‌ಪೊನೆನ್ಷಿಯಲ್ ಅನ್ನು ಲೆಕ್ಕ ಹಾಕುವ ಬೇರೆ ಬೇರೆ ದಾರಿಗಳ ದೋಷಗಳನ್ನು ಮೋಲರ್ ಮತ್ತು ವ್ಯಾನ್ ಲೋನ್ 1978ರಲ್ಲೇ ಒಟ್ಟಿಗೆ ಇಟ್ಟು ತೂಗಿ ನೋಡಿದ್ದರು. ಈಗಿನ ತಂತ್ರಾಂಶಗಳು ಸಾಮಾನ್ಯವಾಗಿ ಮಾಡುವುದು ಇಷ್ಟು: At ಯನ್ನು 2 ರ ಒಂದು ಘಾತದಿಂದ ಭಾಗಿಸಿ ಚಿಕ್ಕದು ಮಾಡುತ್ತವೆ, ಚಿಕ್ಕದರ ಎಕ್ಸ್‌ಪೊನೆನ್ಷಿಯಲ್ ಅನ್ನು ಪಾಡೇ ಭಿನ್ನರಾಶಿಯಿಂದ ತೆಗೆಯುತ್ತವೆ, ಆಮೇಲೆ ಅಷ್ಟೇ ಸಲ ವರ್ಗ ಮಾಡುತ್ತವೆ. ಮೂರು ತೊಟ್ಟಿಗಳ ಉತ್ತರವನ್ನು ಪೈಥಾನ್‌ನಲ್ಲಿ ಹೀಗೆ ತಾಳೆ ನೋಡಬಹುದು:

```python
import numpy as np
from scipy.linalg import expm

A = np.array([[-1, 0, 0], [1, -1, 0], [0, 1, -2]])
print(expm(2 * A)[:, 0])
print(np.exp(-2), 2*np.exp(-2), np.exp(-2) + np.exp(-4))
```

ಎರಡೂ ಸಾಲಿನಲ್ಲಿ ಸುಮಾರು 0.1353, 0.2707, 0.1537 ಬರಬೇಕು. ಮೂರನೆಯದು 0.0366 ಬಂದರೆ, ಎಲ್ಲೋ D ಮತ್ತು N ಅನ್ನು ಷರತ್ತು ನೋಡದೆ ಒಡೆದಿದ್ದೀರಿ.